ಅಡುಗೆ ಮತ್ತು ರಿಪೇರಿ ವಿಡಿಯೊಗಳಿಂದ ಹಂತಪಟ್ಟಿ ಬರೆದುಕೊಳ್ಳುವುದು: ಮೂರು ದಾರಿಗಳಲ್ಲಿ ಯಾವುದು ಯಾವ ಕೆಲಸಕ್ಕೆ

ಮೈಸೂರು ಪಾಕ್ ಮಾಡುವಾಗ ಕಡಲೆಹಿಟ್ಟು ಪಾಕಕ್ಕೆ ಬಿದ್ದ ಗಳಿಗೆಯಿಂದ ತಟ್ಟೆಗೆ ಸುರಿಯುವವರೆಗೆ ಸೌಟು ನಿಲ್ಲುವಂತಿಲ್ಲ. ಒಂದು ಕೈ ಸೌಟಿನಲ್ಲಿ, ಇನ್ನೊಂದು ಕೈ ಬಿಸಿ ತುಪ್ಪದ ಪಾತ್ರೆಯಲ್ಲಿ ಇರುವಾಗ ಫೋನಿನಲ್ಲಿ ಓಡುತ್ತಿರುವ ವಿಡಿಯೊವನ್ನು ಹಿಂದಕ್ಕೆ ಎಳೆದು ನೋಡಲು ಆಗುವುದಿಲ್ಲ. ಎಳೆದು ನೋಡುವಷ್ಟರಲ್ಲಿ ಹದ ಮೀರಿರುತ್ತದೆ. ಹಾಗಾಗಿ ವಿಡಿಯೊದಲ್ಲಿ ಇರುವುದನ್ನು ಮೊದಲೇ ಕಾಗದಕ್ಕೆ ಇಳಿಸಿ, ಒಲೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಇಳಿಯುವುದು ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ರೂಢಿಯಾಗಿದೆ. ಕಾಗದಕ್ಕೆ ಇಳಿಸಲು ಮೂರು ದಾರಿಗಳಿವೆ: ವಿಡಿಯೊದ ಮಾತನ್ನೇ ಬರಹವಾಗಿ ನಕಲು ಮಾಡಿಕೊಳ್ಳುವುದು, ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಕೈಯಲ್ಲಿ ಬರೆದುಕೊಳ್ಳುವುದು, ಬೇಕಾದ ಕಡೆ ಸ್ಕ್ರೀನ್‌ಶಾಟ್ ತೆಗೆದು ಅದರ ಕೆಳಗೆ ಒಂದೊಂದು ಸಾಲು ಬರೆಯುವುದು. ಮೂರನ್ನೂ ಬಳಸಿದ ಮೇಲೆ ನನಗೆ ತಿಳಿದದ್ದು ಇಷ್ಟು: ಆ ಕೆಲಸದ ಮುಖ್ಯ ತಿಳಿವಳಿಕೆ ಕಿವಿಗೆ ಬೀಳುತ್ತದೆಯೋ, ಕಣ್ಣಿಗೆ ಬೀಳುತ್ತದೆಯೋ ಎಂಬುದನ್ನು ಮೊದಲು ನೋಡಿ, ಆಮೇಲೆ ದಾರಿಯನ್ನು ಆರಿಸಿಕೊಳ್ಳಬೇಕು.

ಮಾತನ್ನು ನಕಲು ಮಾಡಿಕೊಳ್ಳುವುದು ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಯೂಟ್ಯೂಬ್ ವಿಡಿಯೊದ ಕೆಳಗಿನ ವಿವರಣೆಯನ್ನು ಪೂರ್ತಿ ತೆರೆದರೆ, ಆ ವಿಡಿಯೊಗೆ ಅಡಿಬರಹ ಇರುವ ಪಕ್ಷದಲ್ಲಿ, Show transcript ಎಂಬ ಗುಂಡಿ ಕಾಣುತ್ತದೆ. ಅದನ್ನು ಒತ್ತಿದರೆ ಮಾತೆಲ್ಲ ಸಮಯದ ಗುರುತಿನೊಂದಿಗೆ ಸಾಲುಸಾಲಾಗಿ ಬರುತ್ತದೆ. ಫೋನಿಗಿಂತ ಕಂಪ್ಯೂಟರಿನಲ್ಲಿ ಅದನ್ನು ಆಯ್ದು ನಕಲು ಮಾಡುವುದು ಸುಲಭ. ಒಂಬತ್ತು ನಿಮಿಷದ ವಿಡಿಯೊವನ್ನು ಹೀಗೆ ಕಾಗದಕ್ಕೆ ತರಲು ನನಗೆ ಹದಿನೈದು ನಿಮಿಷ ಸಾಕಾಗುತ್ತದೆ. ಪಾತ್ರೆ ಪದಾರ್ಥಗಳ ಪಟ್ಟಿಯೂ ಕೆಲಸದ ಒಟ್ಟು ಕ್ರಮವೂ ಇದರಲ್ಲಿ ಚೆನ್ನಾಗಿ ಸಿಗುತ್ತವೆ. ಆದರೆ ಅಡಿಬರಹವನ್ನು ವಿಡಿಯೊ ಮಾಡಿದವರೇ ಬರೆದು ಹಾಕಿದ್ದಾರೆಯೇ, ಯಂತ್ರವೇ ಕೇಳಿ ಬರೆದಿದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಯಂತ್ರ ಬರೆದದ್ದಾದರೆ ಪೂರ್ಣವಿರಾಮಗಳು ಇರುವುದು ಅಪರೂಪ; ಒಂದು ವಾಕ್ಯ ಎಲ್ಲಿ ಮುಗಿಯಿತು ಎಂಬುದು ನಮಗೇ ತಿಳಿಯಬೇಕು.

ಅಲ್ಲಿ ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ಕನ್ನಡದಲ್ಲಿ ಅಳತೆಯ ಅರ್ಧ ಭಾಗ ಮಾತಿನ ಬಾಲದಲ್ಲಿ ಇರುತ್ತದೆ. ಒಂದೂವರೆ, ಮುಕ್ಕಾಲು, ಒಂದೂಕಾಲು ಎಂಬ ಪದಗಳನ್ನು ಬೇಗಬೇಗ ಆಡಿದಾಗ ಬಾಲ ನುಂಗಿಹೋಗುತ್ತದೆ. ನಾನು ಒಮ್ಮೆ ಮೈಸೂರು ಪಾಕಿನ ಅಡಿಬರಹವನ್ನು ನಕಲು ಮಾಡಿ, ವಿಡಿಯೊವನ್ನು ಮತ್ತೆ ನೋಡದೆ, ಮಂಡ್ಯದಲ್ಲಿರುವ ಅತ್ತಿಗೆಗೆ ಕಳುಹಿಸಿದ್ದೆ. ವಿಡಿಯೊದಾಕೆ ಒಂದೂವರೆ ಲೋಟ ಸಕ್ಕರೆ ಎಂದಿದ್ದರು; ಅಡಿಬರಹದಲ್ಲಿ ಒಂದು ಲೋಟ ಎಂದಷ್ಟೇ ಉಳಿದಿತ್ತು. ಅತ್ತಿಗೆ ಮಾಡಿದ್ದು ಕಟ್ಟಿಕೊಳ್ಳಲಿಲ್ಲ. ಬಿಲ್ಲೆ ಹಾಕಲು ಹೋದರೆ ಚಾಕುವಿಗೆ ಮೆತ್ತಿಕೊಂಡಿತು, ಬಾಯಿಗಿಟ್ಟರೆ ಹಿಟ್ಟಿನ ರುಚಿಯೇ ಮುಂದಾಯಿತು. ತಪ್ಪು ಅವರದಲ್ಲ, ನನ್ನದು. ಅಂದಿನಿಂದ ಅಡಿಬರಹದಲ್ಲಿ ಕಾಣುವ ಪ್ರತಿಯೊಂದು ಸಂಖ್ಯೆಯನ್ನೂ ಅದರ ಪಕ್ಕದ ಸಮಯಕ್ಕೆ ಹೋಗಿ ಕಿವಿಯಲ್ಲಿ ಕೇಳದೆ ನಾನು ಪಟ್ಟಿಗೆ ಸೇರಿಸುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಯಂತ್ರ ಸರಿಯಾಗಿ ಕೇಳಿಸಿಕೊಂಡರೂ ಅದು ತುಂಬಿಕೊಡಲಾರದ್ದು. ಕ್ಯಾಮೆರಾ ಮುಂದೆ ನಿಂತವರು ಕಣ್ಣೆದುರು ಇರುವುದನ್ನು ಬಾಯಲ್ಲಿ ವರ್ಣಿಸುವುದಿಲ್ಲ, ತೋರಿಸುತ್ತಾರೆ. ‘ಆಮೇಲೆ ಇದನ್ನ ಹೀಗೆ ತಿರುಗಿಸ್ತಾ ಇರಿ, ನೋಡಿ ಈ ಥರ ಬರುತ್ತೆ, ಈ ಹದ ಬಂದ ತಕ್ಷಣ ತೆಗೆದುಬಿಡಿ’ ಎಂಬ ಮಾತು ವಿಡಿಯೊದಲ್ಲಿ ಪೂರ್ಣವಾಗಿದೆ, ಕಾಗದದಲ್ಲಿ ಅದರಿಂದ ಏನೂ ದೊರೆಯುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ನಕಲು ಮಾಡಿದ ಬರಹದಲ್ಲಿ ಇಷ್ಟು, ಹೀಗೆ, ಈ ಥರ, ಇದನ್ನು ಎಂಬ ಪದಗಳನ್ನು ಹುಡುಕಿ ಕೆಂಪು ಗೆರೆ ಎಳೆಯುವುದು. ಗೆರೆ ಬಿದ್ದ ಪ್ರತಿಯೊಂದು ಜಾಗವೂ ಚಿತ್ರದಲ್ಲಿ ಇದ್ದು ಮಾತಿನಲ್ಲಿ ಇಲ್ಲದ ತಿಳಿವಳಿಕೆಯ ಜಾಗ. ಅಂಥ ಗೆರೆಗಳು ಎರಡು ಮೂರು ಇದ್ದರೆ ಆಯಾ ಸಮಯಕ್ಕೆ ಹೋಗಿ ನೋಡಿ ತುಂಬಿಸಿಕೊಂಡರಾಯಿತು. ಹತ್ತು ಹನ್ನೆರಡು ಇದ್ದರೆ ಈ ದಾರಿಯನ್ನು ಬಿಟ್ಟು ಕೈಬರಹಕ್ಕೆ ಹೋಗುವುದೇ ಲೇಸು.

ಕೈಬರಹದ ದಾರಿ ನಿಧಾನದ್ದು. ಅದೇ ಒಂಬತ್ತು ನಿಮಿಷದ ವಿಡಿಯೊಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೊದಲ ಸಲ ಪೆನ್ನು ಹಿಡಿಯದೆ ಕೊನೆಯವರೆಗೆ ನೋಡಬೇಕು. ಎರಡನೆಯ ಸಲ ಪ್ರತಿ ಕೆಲಸ ಮುಗಿದಾಗ ನಿಲ್ಲಿಸಿ ಬರೆಯಬೇಕು. ಕಂಪ್ಯೂಟರಿನಲ್ಲಾದರೆ K ಒತ್ತಿದರೆ ನಿಲ್ಲುತ್ತದೆ, J ಒತ್ತಿದರೆ ಹತ್ತು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಫೋನಿನಲ್ಲಾದರೆ ಪರದೆಯ ಎಡಭಾಗವನ್ನು ಎರಡು ಸಲ ತಟ್ಟಬೇಕು. ಈ ದಾರಿಯ ಬೆಲೆ ಇರುವುದು ಬರೆಯುವುದರಲ್ಲಿ ಮಾತ್ರವಲ್ಲ, ಕ್ರಮವನ್ನು ತಿರುಗಿಸಿ ಜೋಡಿಸುವುದರಲ್ಲಿ. ವಿಡಿಯೊದ ಕ್ರಮ ನೋಡುವವರಿಗಾಗಿ ಮಾಡಿದ್ದು, ಮಾಡುವವರಿಗಾಗಿ ಅಲ್ಲ.

ಇದನ್ನು ಪತ್ತೆಹಚ್ಚಲು ನಮ್ಮ ಭಾಷೆಯೇ ನೆರವಾಗುತ್ತದೆ. ‘ಹಿಟ್ಟನ್ನ ಹುರಿದು ಜರಡಿ ಹಿಡಿದಿಟ್ಟುಕೊಂಡಿದ್ದೀನಿ’, ‘ತಟ್ಟೆಗೆ ತುಪ್ಪ ಸವರಿಟ್ಟುಕೊಂಡಿದ್ದೀನಿ’, ‘ಪಕ್ಕದ ಒಲೇಲಿ ತುಪ್ಪ ಕಾಯೋಕೆ ಇಟ್ಟಿದ್ದೀನಿ’ ಎಂಬಂಥ ಮಾತುಗಳನ್ನು ಕಿವಿಗೊಟ್ಟು ಕೇಳಬೇಕು. ‘ಇಟ್ಟುಕೊಂಡಿದ್ದೀನಿ’ ಎಂದು ಬಂದಲ್ಲೆಲ್ಲ ಆ ಕೆಲಸ ಕ್ಯಾಮೆರಾ ಹಿಂದೆ, ಮೊದಲೇ ಮುಗಿದಿದೆ ಎಂದರ್ಥ. ನಾನು ನೋಡಿದ ವಿಡಿಯೊದಲ್ಲಿ ತಟ್ಟೆಗೆ ತುಪ್ಪ ಸವರಿದ ಸಂಗತಿ ಬಂದದ್ದು ಎಂಟನೆಯ ನಿಮಿಷದಲ್ಲಿ, ಬಾಣಲೆಯನ್ನು ಎತ್ತಿ ಸುರಿಯುವಾಗ. ಕೇಳಿದ ಕ್ರಮದಲ್ಲೇ ಬರೆದುಕೊಂಡವರು ಆ ಸಾಲಿಗೆ ಬಂದು ತಟ್ಟೆ ಹುಡುಕುವಷ್ಟರಲ್ಲಿ ಪಾಕ್ ಬಾಣಲೆಯಲ್ಲೇ ಗಟ್ಟಿಯಾಗಲು ಶುರುವಾಗಿರುತ್ತದೆ. ಇಂಥ ಸಾಲುಗಳನ್ನೆಲ್ಲ ಕಿತ್ತು ಪಟ್ಟಿಯ ತಲೆಗೆ ತರಬೇಕು. ಹಾಗೆಯೇ ‘ಅಷ್ಟರಲ್ಲಿ’ ಎಂಬ ಪದ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುವುದರ ಗುರುತು. ಅವೆರಡನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು.

ವಿಡಿಯೊವನ್ನು ಕತ್ತರಿಸಿ ಅಂಟಿಸಿದ ಜಾಗಗಳು ಇನ್ನೊಂದು ಎಚ್ಚರದ ತಾಣ. ಮಾತು ಮುಂದುವರಿಯುತ್ತಲೇ ಇರುತ್ತದೆ, ಆದರೆ ಬಾಣಲೆಯ ನೊರೆ ಇದ್ದಕ್ಕಿದ್ದಂತೆ ಏರಿರುತ್ತದೆ ಅಥವಾ ಪಕ್ಕದ ಪಾತ್ರೆಯ ತುಪ್ಪ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಎರಡು ನಿಮಿಷವೂ ಹೋಗಿರಬಹುದು, ಹತ್ತು ನಿಮಿಷವೂ ಹೋಗಿರಬಹುದು. ಅಲ್ಲಿ ನಾನು ಸಮಯವನ್ನು ಊಹಿಸಿ ಬರೆಯುವುದಿಲ್ಲ. ಕತ್ತರಿಸಿದ ನಂತರ ಕಾಣುವ ಮೊದಲ ಚಿತ್ರದ ಗುರುತನ್ನು ಬರೆಯುತ್ತೇನೆ. ಒಲೆಯ ಉರಿ, ಬಾಣಲೆಯ ದಪ್ಪ ಒಂದೊಂದು ಮನೆಯಲ್ಲಿ ಒಂದೊಂದು ಥರ ಇರುವುದರಿಂದ ನಿಮಿಷದ ಲೆಕ್ಕಕ್ಕಿಂತ ಕಣ್ಣಿಗೆ ಕಾಣುವ ಗುರುತೇ ನಂಬಿಕೆಗೆ ಅರ್ಹ.

ಡಿಗ್ರಿಯ ಲೆಕ್ಕವೂ ಇದಕ್ಕೆ ಹೊರತಲ್ಲ. ಒಂದೆಳೆ ಪಾಕಕ್ಕೆ ಸುಮಾರು 105 ಡಿಗ್ರಿ ಸೆಲ್ಸಿಯಸ್ ಎಂದು ಕೆಲವು ವಿಡಿಯೊಗಳಲ್ಲಿ ಥರ್ಮಾಮೀಟರ್ ಹಿಡಿದು ತೋರಿಸುತ್ತಾರೆ. ಸಮುದ್ರ ಮಟ್ಟದ ಊರಿಗೆ ಅದು ಸರಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಪಾಕದ ಎಳೆ ನಿಲ್ಲುವುದು ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದರ ಮೇಲಾದ್ದರಿಂದ, ಅದೇ ಒಂದೆಳೆ ನಮ್ಮಲ್ಲಿ ಎರಡು ಮೂರು ಡಿಗ್ರಿ ಮೊದಲೇ ಬಂದಿರುತ್ತದೆ. ಮಂಗಳೂರಿನ ಅಡುಗೆಮನೆಯಲ್ಲಿ ತೆಗೆದ ವಿಡಿಯೊ ನೋಡಿ 105 ಎಂದು ಬರೆದುಕೊಂಡು ಮೈಸೂರಿನಲ್ಲಿ ಅಲ್ಲಿಯವರೆಗೆ ಕಾದರೆ ಪಾಕ ಏರಿ, ಮೈಸೂರು ಪಾಕ್ ಪುಡಿಪುಡಿಯಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಬೆರಳಿನ ಗುರುತೇ ಇರಲಿ: ಹನಿಯೊಂದನ್ನು ತಟ್ಟೆಗೆ ಹಾಕಿ, ಆರಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಬಿಡಿಸಿದರೆ ಒಂದು ಎಳೆ ಕಡಿಯದೆ ನಿಲ್ಲಬೇಕು.

ಅಳತೆಯ ಲೋಟ ಯಾವುದು ಎಂಬ ಪ್ರಶ್ನೆಗೆ ಅನೇಕರು ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಹಿಟ್ಟು, ಸಕ್ಕರೆ, ನೀರು, ತುಪ್ಪ ನಾಲ್ಕನ್ನೂ ಒಂದೇ ಲೋಟದಲ್ಲಿ ಅಳೆದರೆ ಲೋಟ ಎಷ್ಟು ದೊಡ್ಡದಿದ್ದರೂ ಹದ ಕೆಡುವುದಿಲ್ಲ, ತಟ್ಟೆಯ ಗಾತ್ರ ಮಾತ್ರ ಬದಲಾಗುತ್ತದೆ. ತೊಡಕು ಬರುವುದು ಮೂರು ಪದಾರ್ಥ ಲೋಟದ ಲೆಕ್ಕದಲ್ಲಿದ್ದು ನಾಲ್ಕನೆಯದು ‘ಅರ್ಧ ಕೆಜಿ ತುಪ್ಪ’ ಎಂದು ಬಂದಾಗ. ಆಗ ವಿಡಿಯೊದಲ್ಲಿ ಕಾಣುವ ಪ್ಯಾಕೆಟ್ಟಿನ ಮೇಲೆ ಏನು ಬರೆದಿದೆ ಎಂದು ನಿಲ್ಲಿಸಿ ನೋಡಬೇಕು. 500 ಮಿಲಿಲೀಟರ್ ತುಪ್ಪ ತೂಕದಲ್ಲಿ ಸುಮಾರು 455 ಗ್ರಾಂ ಮಾತ್ರ.

ಅತ್ತಿಗೆಗೆ ಎರಡನೆಯ ಸಲ ನಾನು ಕಳುಹಿಸಿದ ಪಟ್ಟಿ, ಅಡಿಬರಹದಿಂದ ಪದಾರ್ಥಗಳನ್ನೂ ಕೈಬರಹದಿಂದ ಒಲೆಯ ಭಾಗವನ್ನೂ ತೆಗೆದುಕೊಂಡದ್ದು, ಹೀಗಿತ್ತು:

☐ 1 ಲೋಟ ಕಡಲೆಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಮಾತ್ರ ಹುರಿದು, ಜರಡಿ ಹಿಡಿದು ಇಡುವುದು. ಬಣ್ಣ ತಿರುಗಬಾರದು.
☐ ಅಂಚು ಇರುವ ತಟ್ಟೆಗೆ ತುಪ್ಪ ಸವರಿ, ಒಲೆಯ ಪಕ್ಕ ಕೈಗೆ ಸಿಗುವಂತೆ ಇಡುವುದು.
☐ ಪಕ್ಕದ ಒಲೆಯಲ್ಲಿ 2 ಲೋಟ ತುಪ್ಪವನ್ನು ಸಣ್ಣ ಉರಿಯಲ್ಲಿ ಕಾಯಲು ಬಿಡುವುದು; ಕೊನೆಯವರೆಗೆ ಆರಬಾರದು.
☐ ದಪ್ಪ ತಳದ ಬಾಣಲೆಯಲ್ಲಿ 1½ ಲೋಟ ಸಕ್ಕರೆ, ¾ ಲೋಟ ನೀರು. ಸಕ್ಕರೆ ಕರಗಿ ಕುದಿ ಬಂದ ಮೇಲೆ ಪದೇಪದೇ ಎಳೆ ನೋಡುವುದು. ಒಂದೆಳೆ ಬಂದರೆ ಮುಂದಕ್ಕೆ.
☐ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ತಿರುಗಿಸುವುದು. ಗಂಟು ಕಂಡರೆ ಅಲ್ಲೇ ಒಡೆದು, ಆಮೇಲೆ ಮುಂದಿನ ಹಿಟ್ಟು.
☐ ಬಿಸಿ ತುಪ್ಪ ಒಂದು ಸೌಟು. ಚುರ್ ಎಂದು ನೊರೆ ಏಳಬೇಕು. ತುಪ್ಪವೆಲ್ಲ ಹೀರಿದ ಮೇಲೆ ಇನ್ನೊಂದು ಸೌಟು. ನೊರೆ ಏಳದಿದ್ದರೆ ತುಪ್ಪ ಆರಿದೆ.
☐ ನಿಲ್ಲಿಸುವ ಗುರುತು: ಮುದ್ದೆ ತಳ ಬಿಡುತ್ತದೆ, ಮೈಯೆಲ್ಲ ಸಣ್ಣ ತೂತು ಬೀಳುತ್ತದೆ, ತುಪ್ಪ ಹೀರದೆ ಅಂಚಿನಲ್ಲಿ ಬಿಡಲು ಶುರುವಾಗುತ್ತದೆ. ಆ ಗಳಿಗೆಯಲ್ಲೇ ತಟ್ಟೆಗೆ.
☐ ಸೌಟಿನಿಂದ ಒತ್ತಬಾರದು. ಬಿಸಿ ಇರುವಾಗಲೇ ಗೆರೆ ಎಳೆದು, ಪೂರ್ತಿ ಆರಿದ ಮೇಲೆ ಬಿಡಿಸುವುದು.

ಈ ಎಂಟು ಸಾಲುಗಳಲ್ಲಿ ಏಳನೆಯದಕ್ಕೇ ನಾನು ಹೆಚ್ಚು ಹೊತ್ತು ಕೊಟ್ಟೆ. ವಿಡಿಯೊದಲ್ಲಿ ಆ ಭಾಗ ನಲವತ್ತು ಸೆಕೆಂಡು ಮಾತ್ರ ಇದೆ, ‘ಈ ಹದ’ ಎಂಬುದರ ಹೊರತು ಮಾತೂ ಇಲ್ಲ. ವೇಗವನ್ನು ಅರ್ಧಕ್ಕೆ ಇಳಿಸಿ ನಾಲ್ಕು ಸಲ ನೋಡಿದಾಗ ಮೂರು ಗುರುತುಗಳೂ ಒಂದರ ಹಿಂದೆ ಒಂದು ಬರುವುದು ಕಂಡಿತು. ಮೊದಲ ಗುರುತಿಗೇ ಇಳಿಸಿದರೆ ಮೆತ್ತಗೆ ಹಲ್ವದಂತೆ ಉಳಿಯುತ್ತದೆ. ಮೂರನೆಯದನ್ನು ದಾಟಿ ತಿರುಗಿಸುತ್ತ ನಿಂತರೆ ಕತ್ತರಿಸುವಾಗ ಉದುರುತ್ತದೆ.

ರಿಪೇರಿಯ ವಿಷಯಕ್ಕೆ ಬಂದರೆ ಕೈಬರಹದ ದಾರಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸ್ಕ್ರೀನ್‌ಶಾಟೇ ಮೇಲು. ಮೋಟಾರಿನ ತಿರುಗುವಿಕೆಯನ್ನು ಜಾರಿನ ಬ್ಲೇಡಿಗೆ ದಾಟಿಸುವ ಹಲ್ಲಿನ ತುಂಡು, ಅಂದರೆ ಮಿಕ್ಸಿಯ ಕಪ್ಲರ್, ಬದಲಾಯಿಸುವುದನ್ನೇ ನೋಡಿ. ಮೋಟಾರು ಗುಂಯ್ ಎಂದು ತಿರುಗುತ್ತದೆ, ಜಾರಿನೊಳಗಿನ ಬ್ಲೇಡು ಮಾತ್ರ ತಿರುಗುವುದಿಲ್ಲ ಎಂದರೆ ಸಾಮಾನ್ಯವಾಗಿ ಕಪ್ಲರಿನ ಹಲ್ಲುಗಳು ಸವೆದಿರುತ್ತವೆ. ಮೋಟಾರೇ ಸದ್ದು ಮಾಡದಿದ್ದರೆ ಅದು ಬೇರೆ ಕತೆ. ಆಗ ಮೊದಲು ಮಿಕ್ಸಿಯ ತಳದಲ್ಲಿರುವ ಓವರ್‌ಲೋಡ್ ಗುಂಡಿಯನ್ನು ಒತ್ತಿ ನೋಡಬೇಕು. ಕಪ್ಲರ್ ಬಿಚ್ಚುವ ವಿಡಿಯೊಗಳಲ್ಲಿ ‘ಬಲಕ್ಕೆ ತಿರುಗಿಸಿ’ ಎಂಬ ಮಾತು ಬರುತ್ತದೆ. ಯಾವ ಕಡೆಯಿಂದ ನೋಡಿದಾಗ ಬಲ ಎಂಬುದನ್ನು ಮಾತು ಹೇಳುವುದಿಲ್ಲ. ಅನೇಕ ಮಿಕ್ಸಿಗಳಲ್ಲಿ ಕಪ್ಲರಿನ ಒಳಗಿನ ಸ್ಕ್ರೂ ಗೆರೆಗಳ, ಅಂದರೆ ಮರೆಯ, ಬಿಚ್ಚುವ ದಿಕ್ಕು ನಾವು ಡಬ್ಬಿಯ ಮುಚ್ಚಳ ತೆಗೆಯುವ ದಿಕ್ಕಿಗೆ ಉಲ್ಟಾ ಇರುತ್ತದೆ, ಏಕೆಂದರೆ ಮೋಟಾರು ತಿರುಗಿದಂತೆಲ್ಲ ಕಪ್ಲರ್ ಬಿಗಿಯಾಗಬೇಕೇ ಹೊರತು ಸಡಿಲವಾಗಬಾರದು. ತಪ್ಪು ದಿಕ್ಕಿಗೆ ಬಲ ಹಾಕಿದರೆ ಕಪ್ಲರ್ ಇನ್ನೂ ಬಿಗಿಯಾಗುತ್ತದೆ, ಕೊನೆಗೆ ಪ್ಲಾಸ್ಟಿಕ್ ಒಡೆದು ಒಳಗಿನ ಲೋಹದ ತುಂಡು ದಂಡದಲ್ಲೇ ಉಳಿಯುತ್ತದೆ.

ಚಿತ್ರದಲ್ಲಿ ದಿಕ್ಕನ್ನು ಓದುವಾಗ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಮಿಕ್ಸಿಯನ್ನು ನೆಟ್ಟಗೆ ಇಟ್ಟಿದ್ದಾರೆಯೇ, ಮಗುಚಿ ತಳದ ಕಡೆಯಿಂದ ತೋರಿಸುತ್ತಿದ್ದಾರೆಯೇ ಎಂಬುದು ಒಂದು. ತಳದಿಂದ ನೋಡಿದರೆ ದಿಕ್ಕು ಬದಲಾಗುತ್ತದೆ. ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ ಕೆಲವು ವಿಡಿಯೊಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತವೆ ಎಂಬುದು ಇನ್ನೊಂದು. ಮಿಕ್ಸಿಯ ಮೇಲಿನ ಅಕ್ಷರಗಳು, ವೇಗದ ಗುಂಡಿಯ ಸುತ್ತಲಿನ 1, 2, 3 ಅಂಕಿಗಳು ಉಲ್ಟಾ ಕಂಡರೆ ವಿಡಿಯೊ ತಿರುವಿದೆ ಎಂದು ತಿಳಿಯಬೇಕು. ಇವೆರಡನ್ನೂ ನೋಡಿಕೊಂಡು, ಸ್ಕ್ರೀನ್‌ಶಾಟಿನ ಮೇಲೆಯೇ ಬೆರಳಲ್ಲಿ ಬಾಣ ಬರೆದು, ಕೆಳಗೆ ‘ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಹೋಗುವ ಕಡೆಗೆ’ ಎಂದು ಪೂರ್ತಿಯಾಗಿ ಬರೆದುಕೊಳ್ಳಬೇಕು. ಬಲ, ಎಡ ಎಂಬ ಪದಗಳನ್ನು ರಿಪೇರಿಯ ಪಟ್ಟಿಯಲ್ಲಿ ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಟ್ಟಿಯ ಮೊದಲ ಸಾಲು ಪ್ಲಗ್ ಕೀಳುವುದು. ವಿಡಿಯೊದಲ್ಲಿ ಅದನ್ನು ತೋರಿಸದಿದ್ದರೂ ನಾವು ಬರೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಬಿಚ್ಚುವ ಭಾಗದ ಚಿತ್ರಗಳನ್ನು ಮಾತ್ರ ತೆಗೆದು ಸುಮ್ಮನಾಗಬಾರದು. ಅನೇಕ ವಿಡಿಯೊಗಳು ‘ಬಿಚ್ಚಿದ ಹಾಗೇ ವಾಪಸ್ ಜೋಡಿಸಿ’ ಎಂದು ಮುಗಿಸುತ್ತವೆ, ಆದರೆ ಕಪ್ಲರಿನ ಕೆಳಗೆ ವಾಷರ್ ಇದ್ದರೆ ಅದು ಯಾವ ಮುಖ ಮೇಲಾಗಿ ಕೂತಿತ್ತು ಎಂಬುದು ಬಿಚ್ಚುವಾಗಿನ ಒಂದೇ ಒಂದು ಚಿತ್ರದಲ್ಲಿ ಇರುತ್ತದೆ. ನಮ್ಮ ಮಿಕ್ಸಿಯನ್ನು ಬಿಚ್ಚುವಾಗಲೂ ಅದೇ ಕೋನದಿಂದ ಒಂದು ಫೋಟೊ ತೆಗೆದು ಪಕ್ಕದಲ್ಲಿ ಇಟ್ಟುಕೊಂಡರೆ, ವಿಡಿಯೊದ ಮಿಕ್ಸಿಗೂ ನಮ್ಮದಕ್ಕೂ ಎಲ್ಲಿ ವ್ಯತ್ಯಾಸ ಇದೆ ಎಂಬುದು ಮೊದಲ ಸ್ಕ್ರೂ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಹೊಸ ಕಪ್ಲರ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ಹಲ್ಲಿನ ಲೆಕ್ಕ ಮತ್ತು ಮರೆಯ ಅಳತೆ ಎರಡನ್ನೂ ಹೊಂದಿಸಿ ನೋಡಬೇಕು.

ಒಟ್ಟಿನಲ್ಲಿ ಆಯ್ಕೆಯನ್ನು ನಾನು ಹೀಗೆ ಮಾಡುತ್ತೇನೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿಯಂಥ ಪದಾರ್ಥ ಹೆಚ್ಚು, ಹದ ಕಡಿಮೆ ಇರುವ ಅಡುಗೆಗೆ ಅಡಿಬರಹವೇ ಸಾಕು, ಸಂಖ್ಯೆಗಳನ್ನು ಮಾತ್ರ ಕಿವಿಯಲ್ಲಿ ಕೇಳಿ ದೃಢಪಡಿಸಿಕೊಂಡರೆ ಆಯಿತು. ಪಾಕ, ಹುದುಗು, ಕರಿಯುವ ಎಣ್ಣೆಯ ಕಾವು ಮುಖ್ಯವಾದ ಅಡುಗೆಗೆ ಅಡಿಬರಹದ ಜೊತೆ ಒಲೆಯ ಭಾಗಕ್ಕಾದರೂ ಕೈಬರಹ ಬೇಕು. ಬಿಚ್ಚಿ ಜೋಡಿಸುವ ಕೆಲಸಕ್ಕೆ ಸ್ಕ್ರೀನ್‌ಶಾಟ್. ವಿವರಣೆಯಲ್ಲಿ ಕೊಟ್ಟ ಪದಾರ್ಥಪಟ್ಟಿಗೂ ವಿಡಿಯೊದಲ್ಲಿ ಹೇಳಿದ್ದಕ್ಕೂ ಅಳತೆ ಬೇರೆಯಾಗಿದ್ದರೆ ಕಾಮೆಂಟುಗಳ ತಲೆಯಲ್ಲಿ ಪಿನ್ ಮಾಡಿದ ತಿದ್ದುಪಡಿ ಇದೆಯೇ ಎಂದು ನೋಡಬೇಕು. ಒಂದು ನಿಮಿಷದ ರೀಲ್‌ನಿಂದ ಮಾತ್ರ ಪಟ್ಟಿ ಮಾಡಲು ಕೂರಬಾರದು. ಅಲ್ಲಿ ನಿಲ್ಲಿಸುವ ಗುರುತುಗಳನ್ನೆಲ್ಲ ಕತ್ತರಿಸಿ ಹಾಕಿರುತ್ತಾರೆ, ನಾವು ಬರೆಯುವುದರಲ್ಲಿ ಅರ್ಧ ನಮ್ಮದೇ ಊಹೆಯಾಗುತ್ತದೆ.

ಯಾವ ದಾರಿಯಲ್ಲಿ ಬರೆದರೂ ಪಟ್ಟಿಯನ್ನು ವಿಡಿಯೊ ನೋಡದ ಒಬ್ಬರ ಕೈಗೆ ಕೊಟ್ಟು ಓದಿಸುವುದು ಒಳ್ಳೆಯದು. ಅವರು ಕೇಳುವ ಪ್ರತಿಯೊಂದು ಪ್ರಶ್ನೆಯೂ ನಾವು ಬಿಟ್ಟ ಒಂದು ಸಾಲು. ಮೇಲಿನ ಎಂಟು ಸಾಲುಗಳನ್ನು ಓದಿದ ಅತ್ತಿಗೆ ಫೋನಿನಲ್ಲಿ ಕೇಳಿದ್ದು ಇದು: ‘ಅಲ್ಲಮ್ಮ, ಹಿಟ್ಟು ಹಾಕೋವಾಗ ಉರಿ ಎಷ್ಟಿರಬೇಕು ಅಂತ ಎಲ್ಲೂ ಬರೆದೇ ಇಲ್ಲವಲ್ಲ?’ ನಾನು ಮತ್ತೆ ವಿಡಿಯೊ ತೆರೆದು ನೋಡಿದೆ. ವಿಡಿಯೊದಾಕೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಿಟ್ಟಿನ ಬಟ್ಟಲನ್ನು ಎತ್ತಿಕೊಳ್ಳುವ ಮೊದಲು ಎಡಗೈಯಿಂದ ಒಲೆಯ ತಿರುಪನ್ನು ಕಾಲು ಸುತ್ತು ಇಳಿಸಿದ್ದರು. ಐದನೆಯ ಸಾಲಿನ ಮೊದಲಿಗೆ ‘ಉರಿಯನ್ನು ಸಣ್ಣದು ಮಾಡಿ’ ಎಂದು ಸೇರಿಸಿ, ಪಟ್ಟಿಯನ್ನು ಮತ್ತೊಮ್ಮೆ ಮಂಡ್ಯಕ್ಕೆ ಕಳುಹಿಸಿದೆ.